ಹಿಂದಿನಿಂದ ತಳ್ಳಿದರೆ ತಡ

ನನ್ನ ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಹಾಗಾಗಿ ಭೂಮಿಗೆ ಬಡಿಯಲು ಬರುವ ಆಕಾಶದ ಕಲ್ಲನ್ನು ತಪ್ಪಿಸುವ ನನ್ನ ಕೆಲಸವನ್ನು ಅವಳಿಗೆ ವಿವರಿಸುವುದು ಉಳಿದವರಿಗೆ ವಿವರಿಸುವುದಕ್ಕಿಂತ ಕಷ್ಟ.

“ಹಿಂದಿನಿಂದ ಗುದ್ದಿದ್ರೆ ಆ ಕಲ್ಲು ಜೋರಾಗಿ ಓಡತ್ತೆ, ಅಲ್ವಾ?” ಎಂದಳು ಫೋನಿನಲ್ಲಿ.

“ಹೌದು.”

“ಜೋರಾಗಿ ಓಡಿದ್ರೆ ಬೇಗ ಬರತ್ತೆ.”

“ಇಲ್ಲಕ್ಕ, ತಡವಾಗಿ ಬರತ್ತೆ.”

“ನಿನ್ನ ತಲೆ! ಆಕ್ಸಿಲರೇಟರ್ ಒತ್ತಿ, ಲೇಟಾಗಿ ತಲುಪ್ತೀರಾ ಅಂತ ನಾನು ಹೇಳಿದ್ರೆ ಕಲಿಯೋಕೆ ಬಂದವ್ರು ಕಾರಿಂದ ಇಳಿದು ಓಡ್ತಾರೆ.”

ರಸ್ತೆಯಲ್ಲಿ ಅವಳು ಹೇಳಿದ್ದೇ ಸರಿ. ಆದರೆ ಸೂರ್ಯನ ಸುತ್ತ ರಸ್ತೆ ಇಲ್ಲ. ಅಲ್ಲಿ ವೇಗ ಕೊಟ್ಟರೆ ಕಲ್ಲು ಇನ್ನಷ್ಟು ದೊಡ್ಡ ಸುತ್ತು ಹಿಡಿಯುತ್ತದೆ, ದೊಡ್ಡ ಸುತ್ತಿಗೆ ಹೆಚ್ಚು ಕಾಲ ಬೇಕು. ಪ್ರತಿ ಸುತ್ತಿಗೂ ಆ ತಡ ಸೇರುತ್ತಾ ಹೋಗುತ್ತದೆ. ಭೂಮಿ ತನ್ನ ಅಗಲದಷ್ಟು ದೂರ ಸರಿಯಲು ಏಳು ನಿಮಿಷ ಸಾಕು. ಕಲ್ಲನ್ನು ಆಕಾಶದಿಂದ ಓಡಿಸಬೇಕಾಗಿಲ್ಲ, ಕೆಲವು ನಿಮಿಷ ತಡ ಮಾಡಿಸಿದರೆ ಅದು ಬರುವ ಹೊತ್ತಿಗೆ ನಾವು ಮುಂದೆ ಹೋಗಿರುತ್ತೇವೆ. ಅದಕ್ಕೆ ಬೇಕಾದದ್ದು ಇರುವೆಯ ನಡಿಗೆಗಿಂತಲೂ ನಿಧಾನವಾದ ತಳ್ಳು. ಆದರೆ ವರ್ಷಗಟ್ಟಲೆ ಮೊದಲೇ ತಳ್ಳಬೇಕು.

ಈ ಕ್ಷುದ್ರಗ್ರಹ ಬರುವುದಕ್ಕೆ ಇನ್ನೂ ಹತ್ತು ವರ್ಷ ಇದೆ. ಕೆಲವೇ ನೂರು ಅಡಿ ಅಗಲದ ಕಲ್ಲು. ಹಾಗೇ ಬಿಟ್ಟರೆ ಅಕ್ಕನ ಊರಿನ ಎದುರಿನ ಸಮುದ್ರದಲ್ಲಿ ಬೀಳುತ್ತದೆ, ಎದ್ದ ಅಲೆ ಕರಾವಳಿಯುದ್ದಕ್ಕೂ ನುಗ್ಗಬಹುದು. ತಡ ಮಾಡಿಸುತ್ತಾ ಹೋದರೆ ಬೀಳುವ ಜಾಗ ಭೂಮಿಯ ಮೇಲೆ ಒಂದು ಗೆರೆಯುದ್ದಕ್ಕೂ ಜಾರುತ್ತದೆ: ಮೊದಲು ಅಕ್ಕನ ಊರು, ಆಮೇಲೆ ಜನ ಕಡಿಮೆ ಇರುವ ಗುಡ್ಡಗಾಡು, ಆಮೇಲೆ ಭೂಮಿಯ ಅಂಚು, ಆಮೇಲೆ ಖಾಲಿ ಆಕಾಶ. ಎದುರಿನಿಂದ ಗುದ್ದಿ ಬೇಗ ಬರಿಸಿದರೆ ಗೆರೆಯ ಆಚೆ ಬದಿಗೆ ಜಾರುತ್ತದೆ: ಬರೀ ಸಮುದ್ರ, ಸಮುದ್ರ, ಕೊನೆಗೆ ಕೋಟಿಗಟ್ಟಲೆ ಜನರ ನಗರಗಳು, ಆಮೇಲೆ ಅಂಚು. ಆ ದಾರಿ ಮೂರು ಪಟ್ಟಿಗಿಂತ ಉದ್ದ. ಕಲ್ಲಿಗೆ ಗುದ್ದಲು ನಮ್ಮಲ್ಲಿರುವ ನೌಕೆಗಳು ಎರಡೇ. ಗೆರೆಯ ನಕ್ಷೆ ಪತ್ರಿಕೆಗಳಲ್ಲೂ ಬಂದಿತ್ತು, ಅಕ್ಕನೂ ನೋಡಿದ್ದಳು. ಯಾವ ಬದಿಗೆ ತಳ್ಳಬೇಕು ಎಂಬುದಷ್ಟೇ ತೀರ್ಮಾನವಾಗಿರಲಿಲ್ಲ. ಅದರ ಲೆಕ್ಕ ಮಾಡಿ ಸಲಹೆ ಕೊಡಬೇಕಾದವಳು ನಾನು.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ನನಗೆ ದರಿ ಯಾವುದು, ಪುಲಿ ಯಾವುದು ಎಂಬುದೇ ಗೊತ್ತಾಗುತ್ತಿರಲಿಲ್ಲ.

ನಮ್ಮ ಕಚೇರಿಯಲ್ಲಿ ಕಲ್ಲಿನ ತೂಕ ನೋಡಿಕೊಳ್ಳುವವರಿಗೆ ಅನುಮಾನಪ್ಪ ಎಂದು ಹೆಸರಿಟ್ಟಿದ್ದೇವೆ. ಅವರಿಗೆ ಕಾಫಿಯಲ್ಲಿ ಸಕ್ಕರೆ ಬೇಕಾ ಎಂದರೂ “ಇರಬಹುದು” ಎನ್ನುತ್ತಾರೆ. ನಾನು ಅವರ ಮೇಜಿನ ಮುಂದೆ ನಿಂತು ಕೇಳಿದೆ, “ಸರ್, ತೂಕ ಎಷ್ಟು ಅಂತ ಒಂದು ಮಾತಲ್ಲಿ ಹೇಳಿ.”

“ದೂರದಿಂದ ಕಾಣೋದು ಹೊಳಪು ಮಾತ್ರ ಅಲ್ವೇನಮ್ಮಾ. ಕಪ್ಪಗಿದ್ರೆ ದೊಡ್ಡದು, ಬೆಳ್ಳಗಿದ್ರೆ ಚಿಕ್ಕದು. ಒಳಗೆ ಗಟ್ಟಿ ಇದೆಯೋ, ಜಲ್ಲಿ ರಾಶಿನೋ! ಎರಡು ಪಟ್ಟು ಆಚೆ ಈಚೆ ಆಗಬಹುದು.”

“ಗುದ್ದಿದಾಗ ಪುಡಿ ಹಿಂದಕ್ಕೆ ಚಿಮ್ಮಿ ಇನ್ನಷ್ಟು ತಳ್ಳತ್ತಲ್ಲ, ಅದು?”

“ಚೆನ್ನಾಗಿ ಚಿಮ್ಮಿದ್ರೆ ತಳ್ಳು ಎರಡು ಮೂರು ಪಟ್ಟು. ಚಿಮ್ಮದಿದ್ರೆ ಇಲ್ಲ. ಗುದ್ದಿದ ಮೇಲೇ ಗೊತ್ತಾಗೋದು.”

ಅಂದರೆ ತಳ್ಳು ಸಾಕಾದರೆ ಯಾರಿಗೂ ಏನೂ ಇಲ್ಲ. ಸಾಲದಿದ್ದರೆ, ಸಮುದ್ರಕ್ಕೆ ಬೀಳಬೇಕಿದ್ದ ಕಲ್ಲನ್ನು ನಾವೇ ಎತ್ತಿ ಊರಿನ ಮೇಲೆ ಹಾಕಿದಂತೆ. ಸಮಯ ಇರುವುದರಿಂದ ಜನರನ್ನು ಸಾಗಿಸಬಹುದು. ಊರನ್ನು ಸಾಗಿಸಲಾಗುವುದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದ್ದು ಆ ಊರಿನ ರಸ್ತೆಗಳಲ್ಲಿ ಓಡಿದ ಅಕ್ಕನ ಕಾರು.

ಒಂದು ಬೆಳಗ್ಗೆ ಲೆಕ್ಕ ತಟ್ಟನೆ ಬೇರೆ ಉತ್ತರ ಕೊಟ್ಟಿತು. ಹಿಂದಿನಿಂದ ಗುದ್ದಿದರೂ ಬೀಳುವ ಜಾಗ ಸಮುದ್ರದ ಕಡೆಗೇ ಜಾರುತ್ತಿತ್ತು! ಮಧ್ಯಾಹ್ನದವರೆಗೂ ಒಬ್ಬಳೇ ನಗುತ್ತಾ ಓಡಾಡಿದೆ. ಊಟದ ಡಬ್ಬಿ ತೆರೆಯುವಾಗ ಹೊಳೆಯಿತು: ವೇಗ ಕೊಟ್ಟರೆ ಬೇಗ ಎಂದು ನಾನೇ ಪ್ಲಸ್-ಮೈನಸ್ ಚಿಹ್ನೆ ತಿರುಗಿಸಿ ಹಾಕಿದ್ದೆ. ಹೊಸಬರು ಮೊದಲ ವಾರ ಮಾಡುವ ತಪ್ಪು ಇದು. ನನ್ನ ಕೈಯಲ್ಲಿ ಎಂದೂ ಆಗಿರಲಿಲ್ಲ. ನಾಚಿಕೆಯೂ ಆಯಿತು, ಭಯವೂ ಆಯಿತು. ಹಾಗಾದರೆ ಲೆಕ್ಕ ಮಾಡುತ್ತಿದ್ದವಳು ನಾನೋ, ಅಕ್ಕನ ತಂಗಿಯೋ?

ನೇರ ಮೇಡಂ ಕೋಣೆಗೆ ಹೋದೆ. ನಮ್ಮ ವಿಭಾಗದ ಮುಖ್ಯಸ್ಥೆ ಅವರು. “ಮೇಡಂ, ನನ್ನನ್ನ ಇದರಿಂದ ಬಿಡಿಸಿ. ನಮ್ಮಕ್ಕ ಆ ಊರಲ್ಲಿದ್ದಾಳೆ.”

“ಗೊತ್ತು,” ಎಂದರು. “ಅನುಮಾನಪ್ಪನವರ ಹತ್ರ ಬೇರೆ ಲೆಕ್ಕ ಮಾಡಿಸ್ತೀನಿ. ನಿಮ್ಮದಕ್ಕೂ ಅವರದಕ್ಕೂ ಹೊಂದಿದ್ರೆ ಮಾತಾಡೋಣ.”

ತಿದ್ದಿದ ಮೇಲೆ ಹೊಂದಿತು. ಆದರೆ ಲೆಕ್ಕ ಹೊಂದಿದ ಮಾತ್ರಕ್ಕೆ ಸಲಹೆ ತಾನಾಗಿ ಹುಟ್ಟುವುದಿಲ್ಲ. ಅಕ್ಕನ ಊರಿನ ಮೇಲಿನ ಚಿಕ್ಕ ದಾರಿಗೆ ಎರಡು ನೌಕೆ ಬಹುಶಃ ಸಾಕು. ದೊಡ್ಡ ದಾರಿಗೆ ಈ ಎರಡು ಸಾಲವು. ಅವು ಕಲ್ಲನ್ನು ನಡುಸಮುದ್ರಕ್ಕೆ ಒಯ್ದು ಬಿಟ್ಟರೆ ಅಲ್ಲಿಂದ ಮುಂದಿನ ಪ್ರತಿ ತಳ್ಳೂ ನಗರಗಳ ಕಡೆಗೆ. ಚಿಕ್ಕ ದಾರಿಯೇ ಸರಿ ಅನ್ನಿಸಿತು. ಅನ್ನಿಸಿದ ಕೂಡಲೇ ಇನ್ನೊಂದು ಗೊಂದಲ. ಚಿಕ್ಕದು ಬೇಡ ಅಂದರೆ ಅಕ್ಕನ ಪಕ್ಷ. ಬೇಕು ಅಂದರೆ, ನೋಡಿ ನಾನು ಯಾರ ಪಕ್ಷವೂ ಅಲ್ಲ ಎಂದು ತೋರಿಸಿಕೊಳ್ಳುವ ಚಪಲವೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳಂತೆ ಎರಡೂ ಕಡೆ ನನ್ನ ಹೆಗಲನ್ನೇ ಮುಟ್ಟಿಕೊಳ್ಳುತ್ತಿದ್ದೆ.

“ಯಾವ ಕಡೆ?” ಎಂದರು ಮೇಡಂ.

“ಹಿಂದಿನಿಂದ. ಚಿಕ್ಕ ದಾರಿ.”

“ಖಚಿತಾನಾ?”

“ಇಲ್ಲ ಮೇಡಂ. ಆದ್ರೆ ಅದೇ.”

ಅನುಮಾನಪ್ಪ ಕನ್ನಡಕ ಒರೆಸುತ್ತಾ, “ನಾನೂ ಅದನ್ನೇ ಹೇಳ್ತಿದ್ದೆ. ಬಹುಶಃ,” ಎಂದರು. ಆ ಸ್ಥಿತಿಯಲ್ಲೂ ನನಗೆ ನಗು ಬಂತು, ಆಮೇಲೆ ಅಳು.

ನಿರ್ಧಾರ ಪ್ರಕಟವಾದ ದಿನ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಫೋನ್ ಮಾಡಿದೆ. ಅಕ್ಕ ಕಾರಿನಲ್ಲಿದ್ದಳು. ಪಕ್ಕದಲ್ಲಿ ಯಾರೋ ಗೇರ್ ಬದಲಿಸಲು ಒದ್ದಾಡುತ್ತಿದ್ದ ಸದ್ದು. ಒಂದು ತಿಂಗಳಿಂದ ಅವಳು ಸ್ಕೂಲನ್ನು ಒಳನಾಡಿನ ಬೇರೆ ಊರಿಗೆ ಸಾಗಿಸುವ ಮಾತಾಡುತ್ತಿದ್ದಳು. ಅಕ್ಕಪಕ್ಕದ ಅಂಗಡಿಯವರೂ ಹಾಗೇ ಯೋಚಿಸುತ್ತಿದ್ದರಂತೆ.

“ಅಕ್ಕ, ನಿಮ್ಮೂರ ಮೇಲೆ ಹೋಗೋ ದಾರೀನೇ ಆಯ್ತು. ಆ ಸಲಹೆ ಕೊಟ್ಟಿದ್ದು ನಾನು.”

ಬೈಯಲಿ, ಅತ್ತುಬಿಡಲಿ ಎಂದು ಕಾದೆ.

“ನೀನೇನಾ?”

“ನಾನೇ.”

“ಅಯ್ಯೋ, ಇದನ್ನ ಮೊದಲೇ ಹೇಳ್ಬಾರ್ದಾ!” ಅವಳ ದನಿ ಹಗುರಾಯಿತು. “ನಾನು ಸುಮ್ನೆ ಗಂಟುಮೂಟೆ ಕಟ್ತಾ ಕೂತಿದ್ದೆ.”

“ಇಲ್ಲ ಅಕ್ಕ, ಕೇಳು. ಸಾಗಿಸೋದು ನಿಲ್ಲಿಸ್ಬೇಡ. ತಳ್ಳು ಸಾಲದೇ ಹೋಗಬಹುದು. ತೂಕ ಸರಿಯಾಗಿ ಗೊತ್ತಿಲ್ಲ. ನನಗೆ ನಿಜವಾಗ್ಲೂ ಅನುಮಾನ ಇದೆ.”

“ಅನುಮಾನ ಇದ್ದಿದ್ರೆ ನಿನ್ನ ಅಕ್ಕನ ತಲೆ ಮೇಲೆ ತರ್ತಿದ್ಯಾ?”

ಅನುಮಾನ ಇದ್ದರೂ ತಂದಿದ್ದೇನೆ ಎನ್ನಲೇ? ಅದೇ ನಿಜ. ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಅಕ್ಕ ಫೋನನ್ನು ಪಕ್ಕಕ್ಕಿಟ್ಟು ಕಾರಿನಲ್ಲಿದ್ದವರಿಗೆ ಹೇಳುತ್ತಿದ್ದಳು, “ಮನೇಲಿ ಹೇಳಿ, ಯಾರೂ ಊರು ಬಿಡೋದು ಬೇಡ. ಲೆಕ್ಕ ಮಾಡಿರೋದು ನನ್ನ ತಂಗಿ.”