ಬರಿಗೈಲಿ ಬಾ

ನನ್ನ ತಮ್ಮ ಹಾಲೇಶನ ಮೆಸೇಜು ಬಂದಾಗ ನಾನು ಯಾರದೋ ರವಿಕೆಯ ತೋಳು ಬಿಚ್ಚುತ್ತಾ ಕೂತಿದ್ದೆ. ‘ಏ ರಾಕ್ಷಸಿ ಅಕ್ಕ, ಊಟ ಆಯ್ತಾ? ಒಂದು ಎರಡು ಸಾವಿರ ಇದ್ರೆ ಕೊಡೇ. ಈ ಸಲ ಗ್ಯಾರಂಟಿ ವಾಪಸ್.’

ಊಟ ಆಯ್ತಾ ಅಂತ ಕೇಳಿದನೆಂದರೆ ಮುಗಿಯಿತು, ಹಿಂದೆಯೇ ದುಡ್ಡಿನ ಮಾತು ಇರುತ್ತದೆ. ಒಂದು ವರ್ಷದೊಳಗೆ ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ‘ಗ್ಯಾರಂಟಿ ವಾಪಸ್’ ಎಂದಿದ್ದ. ಒಂದು ರೂಪಾಯಿಯೂ ತಿರುಗಿ ಬಂದಿರಲಿಲ್ಲ.

ಅವನಿರುವುದು ಭದ್ರಾವತಿಯಲ್ಲಿ, ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ನಾನು ಶಿವಮೊಗ್ಗದ ಗೋಪಾಳದಲ್ಲಿ, ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ನಮಗೆ ತವರು ಅಂತ ಉಳಿದದ್ದು ನಾವಿಬ್ಬರೇ, ಅವನಿಗೆ ನಾನು, ನನಗೆ ಅವನು. ಇಬ್ಬರ ಕೈಗೂ ನೋಕಿಯಾ ಬಂದ ಮೇಲೆ ನಮ್ಮ ಜಗಳವೆಲ್ಲ ಅದರಲ್ಲೇ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟುವುದು. ಒಂದು ಮೆಸೇಜಿಗೆ ನೂರ ಅರವತ್ತು ಅಕ್ಷರ, ಅದು ಮೀರಿದರೆ ಎರಡು ಮೆಸೇಜಿನ ದುಡ್ಡು ಹೋಗುತ್ತದೆ. ಹಾಗಾಗಿ ಬೈಗುಳವನ್ನೂ ಅಳೆದೇ ಬೈಯುತ್ತಿದ್ದೆವು. ಅವನು ನನಗೆ ರಾಕ್ಷಸಿ, ನಾನು ಅವನಿಗೆ ಕೋತಿ.

ಈ ಸಲ ಕೊಡಬಾರದು ಎಂದು ನಿರ್ಧರಿಸಿದ್ದೆ. ಮಿಷನ್ನಿನ ಮೋಟಾರು ಸುಟ್ಟುಹೋಗಿ ಹೊಸದು ಹಾಕಿಸಿದ್ದೆ. ಅದರ ಮೇಲೆ ಮಗಳು ಪುಟ್ಟಿಗೆ ಕಿವಿ ಚುಚ್ಚಿಸುವ ಕಾರ್ಯ ಬರುವ ಭಾನುವಾರ ಇತ್ತು, ಅದಕ್ಕೆ ಓಲೆಯನ್ನೂ ಆಗಲೇ ತಂದಿಟ್ಟಿದ್ದೆ. ಕೈ ಖಾಲಿ. ಆದರೆ ಇಲ್ಲ ಎನ್ನುವುದು ಹೇಗೆ? ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ಪುಟ್ಟಿಗೆ ಇರುವ ಒಬ್ಬನೇ ಒಬ್ಬ ಸೋದರಮಾವ ಈ ಕೋತಿ. ಇವನು ಮುನಿಸಿಕೊಂಡು ಬರದಿದ್ದರೆ ನನ್ನ ಮಗಳು ಯಾರದೋ ದೂರದ ನೆಂಟನ ತೊಡೆ ಮೇಲೆ ಕೂರಬೇಕು, ತವರಿಲ್ಲದವಳ ಮಗಳ ಹಾಗೆ.

ಇರಲಿ ಎಂದು ನಮ್ಮ ಎಂದಿನ ಧಾಟಿಯಲ್ಲೇ ಕುಟ್ಟಿದೆ. ‘ನಾನೇನು ಇಲ್ಲಿ ನೋಟು ಪ್ರಿಂಟ್ ಹಾಕ್ತಾ ಕೂತಿದೀನೇನೋ ಕೋತಿ? ಒಂದು ಪೈಸೆ ಇಲ್ಲ, ಹೋಗೋ!’

ಎರಡು ನಿಮಿಷಕ್ಕೆ ಉತ್ತರ ಬಂತು. ‘ಪ್ರಿಂಟ್ ಹಾಕಿದ್ದು ಒಣಗ್ಲಿ ಬಿಡು. ಶುಕ್ರವಾರ ಗಾಂಧಿ ಬಜಾರಿಗೆ ಬರ್ತೀನಿ, ನೂಲಿನ ಅಂಗಡಿ ಹತ್ರ ನಿಂತಿರು.’

ಅಯ್ಯೋ ಇವನ ಮನೆ ಕಾಯ! ಮೂರು ಸಲವೂ ನಾನು ಹೀಗೇ ಬೈದು, ಆಮೇಲೆ ಅದೇ ನೂಲಿನ ಅಂಗಡಿಯ ಮುಂದೆ ದುಡ್ಡು ಕೊಟ್ಟಿದ್ದೆ. ನಾನು ಬೈದರೆ ದುಡ್ಡು ಬರುತ್ತದೆ ಎಂದು ಅವನ ಲೆಕ್ಕ. ಲೆಕ್ಕ ಕಲಿಸಿದವಳೂ ನಾನೇ ಅನ್ನಿ.

ಸಂಜೆ ನನ್ನ ಗಂಡ ಶಿವರಾಮ ಆಫೀಸಿನಿಂದ ಬಂದರು. ವಿಷಯ ಹೇಳಿದೆ. ಅವರು ಗುಮಾಸ್ತರು, ದಿನವಿಡೀ ನೋಟೀಸು ಬರೆಯುವವರು.

“ತಮಾಷೆ ಮಾಡಿದ್ರೆ ತಮಾಷೆ ಅಂದ್ಕೋತಾನೆ ಕಣೇ. ನೀಟಾಗಿ, ಮರ್ಯಾದೆಯಾಗಿ ಬರೀಬೇಕು. ಕೊಡು ಇಲ್ಲಿ.”

“ರೀ, ನೀವು ಅದಕ್ಕೆ ಸೀಲು ಹಾಕ್ಬೇಡಿ ಮತ್ತೆ.”

“ಸುಮ್ನಿರೇ ಮಾರಾಯ್ತಿ, ಇಂಥದ್ದೆಲ್ಲ ನಂಗೆ ಗೊತ್ತು.”

ಅವರು ಕನ್ನಡಕ ಸರಿ ಮಾಡಿಕೊಂಡು, ಒಂದೊಂದೇ ಗುಂಡಿ ಒತ್ತಿ ಬರೆದರು. ‘ಪ್ರೀತಿಯ ಹಾಲೇಶ್, ಸದ್ಯದ ಪರಿಸ್ಥಿತಿಯಲ್ಲಿ ಹಣದ ಸಹಾಯ ಮಾಡಲು ಸಾಧ್ಯವಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಇತಿ, ಯಶೋಧರಾ.’ ಓದಿದೆ. ತಪ್ಪೇನೂ ಕಾಣಲಿಲ್ಲ. ಇಲ್ಲ ಎಂದು ಸ್ಪಷ್ಟವಾಗಿತ್ತು, ಬೈಗುಳ ಇರಲಿಲ್ಲ. ಕಳಿಸಿಬಿಟ್ಟೆವು.

ಎರಡು ನಿಮಿಷಕ್ಕೆ ಉತ್ತರ ಕೊಡುವವನು ಅವತ್ತು ರಾತ್ರಿ ಕೊಡಲಿಲ್ಲ. ಬೆಳಿಗ್ಗೆ ಕೊಟ್ಟ. ‘ಸರಿ ಅಕ್ಕ. ತಪ್ಪಾಯ್ತು. ಭಾನುವಾರ ಓವರ್‌ಟೈಮ್ ಇದೆ, ಬರೋದಕ್ಕೆ ಆಗೋದಿಲ್ಲ. ಪುಟ್ಟೀನ ಚೆನ್ನಾಗಿ ನೋಡ್ಕೊಳ್ಳಿ.’

ನೋಡ್ಕೊಳ್ಳಿ! ನನಗೆ! ರಾಕ್ಷಸಿ ಇಲ್ಲ, ಊಟ ಆಯ್ತಾ ಇಲ್ಲ. ಹುಟ್ಟಿದಾಗಿನಿಂದ ಅವನು ನನ್ನನ್ನು ಬಹುವಚನದಲ್ಲಿ ಕರೆದದ್ದೇ ಇಲ್ಲ. ತಕ್ಷಣ ಫೋನ್ ಮಾಡಿದೆ, ಕಟ್ ಮಾಡಿದ. ಮತ್ತೆ ಮಾಡಿದೆ, ಸ್ವಿಚ್ ಆಫ್.

“ನೋಡ್ರೀ, ನಿಮ್ಮ ಮರ್ಯಾದೆ ನನ್ನ ತಮ್ಮನ್ನೇ ಓಡಿಸ್ತು!” ಎಂದು ಗಂಡನ ಮೇಲೆ ಹಾರಿದೆ. ಪಾಪ, ಅವರು ಶೂ ಕಟ್ಟಿಕೊಳ್ಳುತ್ತಾ ಕೂತಿದ್ದರು, ಹಾಗೇ ಕೂತುಬಿಟ್ಟರು.

ನಮ್ಮತ್ತೆ ದ್ಯಾಮಮ್ಮ ಅಡುಗೆಮನೆಯಿಂದಲೇ ಕೇಳಿದರು. “ಹಾಲೇಶ ಬರಲ್ವಂತಾ? ಮತ್ತೆ ಮಗೂನ ಯಾರ ತೊಡೆ ಮೇಲೆ ಕೂರ್ಸೋದು?”

“ಬರ್ತಾನೆ ಅತ್ತೆ,” ಎಂದೆ. ಬರುತ್ತಾನೆಂಬ ನಂಬಿಕೆ ನನಗೇ ಇರಲಿಲ್ಲ.

ಎಲ್ಲರೂ ಅವರವರ ಕೆಲಸಕ್ಕೆ ಹೋದ ಮೇಲೆ ಮಿಷನ್ ಮುಚ್ಚಿ ಫೋನ್ ಹಿಡಿದು ಕೂತೆ. ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಾಗಿತ್ತು. ಇವನು ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ. ಒಂಟಿ ರೂಮು, ಮೆಸ್ಸಿನ ಊಟ. ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತಿತ್ತು? ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ. ಬೈಯುವ ಗಡಿಬಿಡಿಯಲ್ಲಿ ಕೇಳುವುದಕ್ಕೆ ಪುರುಸೊತ್ತೆಲ್ಲಿ?

ಹಳೆಯ ಮೆಸೇಜು ತೆಗೆದೆ. ಫೋನಿನಲ್ಲಿ ಜಾಗ ಕಮ್ಮಿ, ತುಂಬಿದ ಹಾಗೆಲ್ಲ ಅಳಿಸುತ್ತಲೇ ಇರಬೇಕು. ಆದರೆ ತಮ್ಮನದ್ದನ್ನು ಅಳಿಸಲು ಮನಸ್ಸು ಬರುತ್ತಿರಲಿಲ್ಲ, ಗಿರಾಕಿಗಳದ್ದನ್ನೇ ಅಳಿಸುತ್ತಿದ್ದೆ. ಮೊದಲ ಸಲ ದುಡ್ಡು ಕೇಳಿದ್ದು ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ. ಎರಡನೆಯದು ಪುಟ್ಟಿಯ ಹುಟ್ಟುಹಬ್ಬದ ವಾರ. ಮೂರನೆಯದು ಅತ್ತೆಗೆ ಕಣ್ಣಿನ ಆಪರೇಷನ್ ಆಗಿ ಮನೆಗೆ ಬಂದಾಗ.

ಗೌರಿಗೆ ಅವನು ತಂದದ್ದು ಗಿಳಿಹಸಿರಿನ ಸೀರೆ. ಅದಕ್ಕೆ ರವಿಕೆ ಹೊಲಿದವಳು ನಾನೇ. ತಮ್ಮ ತಂದದ್ದು, ತಮ್ಮ ತಂದದ್ದು ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಹುಟ್ಟುಹಬ್ಬಕ್ಕೆ ಮೂರು ಗಾಲಿಯ ಸೈಕಲ್ಲು. ಅತ್ತೆಗೆ ಸ್ವೆಟರು, ಹಾರ್ಲಿಕ್ಸು, ಒಂದು ಚೀಲ ಕಿತ್ತಳೆ.

ಅಯ್ಯೋ ಪೆದ್ದು ಮುಂಡೇದೆ! ನನ್ನ ದುಡ್ಡಲ್ಲೇ ನನಗೆ ಸೀರೆ ತಂದಿದ್ದಾನೆ. ನೂಲಿನ ಅಂಗಡಿಯ ಮುಂದೆ ಈಸಿಕೊಂಡು, ಅದೇ ಬಜಾರಿನಲ್ಲಿ ನಾಲ್ಕು ಅಂಗಡಿ ಆಚೆ ಖರ್ಚು ಮಾಡಿದ್ದಾನೆ.

ಆದರೆ ಯಾಕೆ? ನಾನು ಕಳಿಸಿದ ಮೆಸೇಜುಗಳೂ ಫೋನಿನಲ್ಲಿ ಉಳಿದಿದ್ದವು. ಅವನ್ನೂ ತಾರೀಖು ಹಿಡಿದು ನೋಡಿದೆ. ಗೌರಿಗೆ ನಾಲ್ಕು ದಿನ ಮುಂಚೆ ನಾನು: ‘ಹಬ್ಬಕ್ಕೆ ಬಾರೋ ಕೋತಿ. ಬರಿಗೈಲಿ ಬಂದ್ರೆ ಬಾಗಿಲು ತೆಗೆಯಲ್ಲ!’ ಹುಟ್ಟುಹಬ್ಬಕ್ಕೆ ನಾನು: ‘ಬರಿಗೈ ಮಾವ ಅಂತ ಪುಟ್ಟಿ ಹೆಸರಿಡ್ತಾಳೆ ನೋಡ್ಕೋ.’ ಅತ್ತೆಯನ್ನು ನೋಡಲು ಕರೆದಾಗಲೂ ಅದೇ ಹಾಳು ತಮಾಷೆ. ಹೋದ ವಾರ ನಾನೇ ಕಳಿಸಿದ್ದೂ ಅಲ್ಲೇ ಇತ್ತು: ‘ಕಿವಿ ಚುಚ್ಚೋಕೆ ಚಿನ್ನದ ಓಲೆ ಮಾವನ ಲೆಕ್ಕ ಕಣೋ. ಬರಿಗೈಲಿ ಬಂದೀಯ, ಜೋಕೆ!’

ಅವನ ಬೈಗುಳವನ್ನು ನಾನು ಪ್ರೀತಿ ಎಂದು ಓದುತ್ತಿದ್ದೆ. ನನ್ನದನ್ನೂ ಅವನು ಹಾಗೇ ಓದುತ್ತಾನೆ ಎಂದುಕೊಂಡಿದ್ದೆ. ಈ ಒಂದು ಮಾತನ್ನು ಮಾತ್ರ ಅವನು ನಿಜವೆಂದು ಓದಿದ್ದ. ನನಗೆ ಅಳು ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅಳುತ್ತಲೇ ಅವನನ್ನು ಇನ್ನಷ್ಟು ಬೈದೆ.

ಈಗ ಎಂಥ ಮೆಸೇಜು ಬರೆಯಬೇಕು? ದುಡ್ಡು ಕೊಟ್ಟು ಮುಗಿಸೋಣ ಎನಿಸಿತು. ಕೊಟ್ಟರೆ ಇವನು ಓಲೆ ತರುತ್ತಾನೆ, ಮುಂದಿನ ಹಬ್ಬಕ್ಕೆ ಮತ್ತೆ ಕೇಳುತ್ತಾನೆ, ಅಕ್ಕನ ಮನೆಗೆ ಬರುವುದೆಂದರೆ ಅವನಿಗೆ ಹೊರೆಯಾಗಿಯೇ ಉಳಿಯುತ್ತದೆ. ಇಲ್ಲ ಎಂದೇ ಹೇಳಬೇಕು. ಮೋಟಾರು ಸುಟ್ಟಿತು ಅಂತೆಲ್ಲ ಕಾರಣ ಕೊಡಬಾರದು, ಕೊಟ್ಟರೆ ‘ಹಾಗಾದ್ರೆ ಮುಂದಿನ ತಿಂಗಳು ಕೊಡು’ ಎನ್ನುತ್ತಾನೆ. ಬೈಗುಳ ಇರಲೇಬೇಕು, ಇಲ್ಲದಿದ್ದರೆ ಅದು ನನ್ನ ಮೆಸೇಜೇ ಅಲ್ಲ. ಆದರೆ ದುಡ್ಡಿನ ಮಾತಿನೊಳಗೆ ಬೈಗುಳ ಕಾಲಿಡಬಾರದು. ಮೊದಲು ಒಂದು ಬೈಗುಳ, ಕೊನೆಗೆ ಒಂದು, ನಡುವೆ ನೆಟ್ಟಗಿನ ಮಾತು.

ಬರೆದೆ, ಅಳಿಸಿದೆ. ‘ಬೇಜಾರು ಮಾಡ್ಕೋಬೇಡ’ ಎಂದು ಹಾಕಿ ತೆಗೆದೆ, ಗಂಡನ ನೋಟೀಸು ನೆನಪಾಯಿತು. ‘ನಂಗೆ ಎಲ್ಲಾ ಗೊತ್ತಾಯ್ತು’ ಎಂದು ಹಾಕಿ ಅದನ್ನೂ ತೆಗೆದೆ, ಅವನಿಗೆ ನಾಚಿಕೆಯಾದರೆ ಜನ್ಮಕ್ಕೂ ಬರುವುದಿಲ್ಲ. ಕೊನೆಗೆ ಒಂದೇ ಮೆಸೇಜಿನಲ್ಲಿ ಹಿಡಿಸಿದೆ.

‘ಲೋ ಕೋತಿ, ದುಡ್ಡು ಕೊಡಲ್ಲ. ಈ ಸಲಾನೂ ಇಲ್ಲ, ಮುಂದಿನ ಸಲಾನೂ ಇಲ್ಲ. ಇದು ತಮಾಷೆ ಅಲ್ಲ. ಓಲೆ ನಾನೇ ತಂದಿದೀನಿ. ನೀನು ಬರಿಗೈಲಿ ಬಾ. ನಿನ್ನ ತೊಡೆ ಬೇಕು ಅಷ್ಟೆ. ರಾಕ್ಷಸಿ.’

ಕಳಿಸಿದೆ. ಅವನ ಫೋನ್ ಆಫ್ ಆಗಿತ್ತಲ್ಲ, ತಲುಪಿತು ಎಂಬ ಗುರುತು ಬರಲಿಲ್ಲ. ಮಧ್ಯಾಹ್ನ ಹೊಲಿದ ರವಿಕೆಯ ಕತ್ತು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದೆ. ದೀಪ ಹಚ್ಚುವ ಹೊತ್ತಿಗೆ ಫೋನು ಟಿಣ್ ಎಂದಿತು, ಮೆಸೇಜು ತಲುಪಿತ್ತು. ಉತ್ತರ ಮಾತ್ರ ಇಲ್ಲ. ಶುಕ್ರವಾರ ಇಲ್ಲ, ಶನಿವಾರವೂ ಇಲ್ಲ. ನಾನೂ ಇನ್ನೊಂದು ಮೆಸೇಜು ಕಳಿಸಲಿಲ್ಲ. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಮತ್ತೆ ಹೇಳಿದರೆ ಅದು ಬೇಡುವುದಾಗುತ್ತಿತ್ತು.

ಭಾನುವಾರ ಅಕ್ಕಸಾಲಿ ಪರಮೇಶ್ವರಪ್ಪನವರು ಹೊತ್ತಿಗೆ ಸರಿಯಾಗಿ ಬಂದು ಜಮಖಾನೆ ಮೇಲೆ ಕೂತರು. ಪುಟ್ಟಿ ಹೊಸ ಲಂಗದಲ್ಲಿ ಓಡಾಡುತ್ತಿದ್ದಳು. ಅತ್ತೆ ಬೀದಿ ಕಡೆ ನೋಡಿದರು, ನನ್ನ ಕಡೆ ನೋಡಿದರು. ಗಂಡ ಗೇಟಿನ ಹತ್ತಿರವೇ ಓಡಾಡುತ್ತಿದ್ದರು. ಇನ್ನು ಕಾಯುವುದು ಬೇಡ, ಯಾರನ್ನಾದರೂ ಕೂರಿಸೋಣ ಎಂದು ಪರಮೇಶ್ವರಪ್ಪನವರು ಎರಡು ಸಲ ಹೇಳಿದರು.

ಆಗ ಗೇಟು ಕಿರ್ ಎಂದಿತು.

ಹಾಲೇಶ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ಕೈಯಲ್ಲಿ ಚೀಲವಿಲ್ಲ, ಪೊಟ್ಟಣವಿಲ್ಲ, ಒಂದು ಬಾಳೆಹಣ್ಣೂ ಇಲ್ಲ. ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದ.

“ನೋಡೇ ರಾಕ್ಷಸಿ. ಬಾಗಿಲು ತೆಗೀತೀಯಾ?”

“ತೆಗೆದೇ ಇದ್ಯಲ್ಲೋ ಕೋತಿ, ಬಾ ಒಳಗೆ! ಊಟ ಆಯ್ತಾ?” ಎಂದೆ.

ಅತ್ತೆ ಅವನ ಖಾಲಿ ಕೈ ನೋಡಿದರು. “ಏನಪ್ಪಾ, ಸೋದರಮಾವ ಹಿಂಗೇ ಬಂದ್ಬಿಟ್ಟೆ?”

“ಅಕ್ಕನ ಆರ್ಡರ್ ಅಮ್ಮಾ. ಮೆಸೇಜ್ ಇದೆ, ತೋರಿಸ್ಲಾ?” ಎಂದ.

“ನಾನೇ ಹೇಳಿದ್ದು ಅತ್ತೆ,” ಎಂದೆ. ಅತ್ತೆ ನಮ್ಮಿಬ್ಬರ ಮುಖ ನೋಡಿ, “ಆಯ್ತು, ಕೂತ್ಕೋಪ್ಪ, ಹೊತ್ತಾಯ್ತು,” ಎಂದು ಪುಟ್ಟಿಯನ್ನು ಎತ್ತಿ ಅವನ ತೊಡೆಯ ಮೇಲೆ ಕೂರಿಸಿದರು.

ಪರಮೇಶ್ವರಪ್ಪನವರು ಚಿನ್ನದ ತಂತಿ ತೆಗೆದರು. ತಂತಿ ಕಿವಿಗೆ ತಾಗಿದ್ದೇ ಪುಟ್ಟಿ ಚೀರಿಕೊಂಡು ಎರಡೂ ಮುಷ್ಟಿ ಚಾಚಿದಳು. ಹಾಲೇಶನ ಎರಡೂ ಕೈ ಖಾಲಿ ಇದ್ದವು. ಅವಳು ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎರಡನೆಯ ಕಿವಿ ಮುಗಿದು, ಬಾಯಿಗೆ ಸಕ್ಕರೆ ಹಾಕಿದ ಮೇಲೂ ಬಿಡಲಿಲ್ಲ.