ಹಣಮಪ್ಪನ ಐದು ದಿನದ ರಜೆ

ಹಣಮಪ್ಪನಿಗೆ ಈ ಸಲ ಬಡ್ತಿ ಇಲ್ಲ ಎಂದು ತಿಳಿಸುವ ಪತ್ರವನ್ನು ನಾನು ಏಳು ಸಲ ಬರೆದೆ. ಏಳನೆಯದರಲ್ಲಿ ‘ಇಲ್ಲ’ ಎಂಬ ಮಾತು ಎರಡನೆಯ ಪುಟದ ಕೊನೆಯಲ್ಲಿತ್ತು. ಅಲ್ಲಿಯವರೆಗೆ ಬರೀ ಹೊಗಳಿಕೆ.

ನಮ್ಮದು ಬನಶಂಕರಿಯ ಒಂದು ರಕ್ತಪರೀಕ್ಷೆಯ ಲ್ಯಾಬ್. ನಾಲ್ಕು ಶಾಖೆ, ನಲವತ್ತು ಜನ. ಎಚ್‌ಆರ್ ಎಂದರೆ ಸೌಮ್ಯ ಎಂಬ ನಾನೊಬ್ಬಳೇ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು. ಹಗಲು ಕಾಲೇಜಿನವರಿಗೆ ಹೇಳಿಕೊಟ್ಟ ಏನೋ ಒಂದನ್ನು ನಮಗೆ ಹೇಳಿಕೊಡಲಿಲ್ಲ ಎಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ.

ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಸತ್ಯಭಾಮಾ ಪತ್ರವನ್ನು ಪೂರ್ತಿ ಓದಿದರು.

“ಇದೇನಮ್ಮ, ಸನ್ಮಾನ ಪತ್ರಾನಾ?”

“ಅವರಿಗೆ ಬೇಜಾರಾಗಬಾರ್ದು ಅಂತ, ಮೇಡಂ.”

“ಸೂಜಿ ಚುಚ್ಚೋಕೆ ಮುಂಚೆ ಯಾರಾದ್ರೂ ಎರಡು ಪುಟ ಭಾಷಣ ಮಾಡ್ತಾರಾ? ಮೊದಲ ಸಾಲಲ್ಲೇ ಇಲ್ಲ ಅನ್ನು. ಆಮೇಲೆ ಯಾಕೆ ಅನ್ನು. ಆಮೇಲೆ ಅಕ್ಟೋಬರ್ ಒಳಗೆ ಏನು ಮಾಡ್ಬೇಕು ಅನ್ನು. ಒಂದು ಪುಟ ಸಾಕು.”

ಹಣಮಪ್ಪ ಬಾದಾಮಿ ಕಡೆಯವರು, ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗೆ ಇದ್ದಾರೆ. ಬೆಳಗ್ಗೆ ಆರಕ್ಕೆ ಮನೆಮನೆಗೆ ಹೋಗಿ ರಕ್ತ ತೆಗೆಯುವ ನಮ್ಮ ಆರು ಜನರಲ್ಲಿ ಅವರಷ್ಟು ನಾಜೂಕು ಕೈ ಇನ್ನೊಂದಿಲ್ಲ. ಒಂಬತ್ತು ವರ್ಷದಿಂದ ಒಂದು ದಿನವೂ ತಾವಾಗಿ ರಜೆ ಹಾಕಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಯಾವ ಮನೆಗೆ ಯಾರು ಯಾವಾಗ ಹೋಗಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಫೆಬ್ರವರಿಯಲ್ಲಿ ಅವರಿಗೆ ಜ್ವರ ಬಂದು ಮಲಗಿದ ಒಂದೇ ದಿನ, ಹನ್ನೊಂದು ಮನೆಯವರು ಹತ್ತೂವರೆಯವರೆಗೂ ತಿಂಡಿ ತಿನ್ನದೆ ಕಾದು ನಮಗೆ ಫೋನಿನಲ್ಲಿ ಮಂಗಳಾರತಿ ಮಾಡಿದ್ದರು. ರಕ್ತ ತೆಗೆಯುವ ಉಳಿದವರೆಲ್ಲ ಒಂದೇ ಬೀದಿಯಲ್ಲಿ ಸೇರಿದ್ದರು.

ಎಂಟನೆಯ ಪತ್ರ ಹೀಗಾಯಿತು: ಈ ಏಪ್ರಿಲ್‌ನಲ್ಲಿ ನಿಮ್ಮನ್ನು ಮೇಲ್ವಿಚಾರಕರಾಗಿ ಮಾಡುತ್ತಿಲ್ಲ. ಕಾರಣ ನಿಮ್ಮ ಕೈಕೆಲಸವಲ್ಲ. ನೀವಿಲ್ಲದ ದಿನ ಕೆಲಸ ನಡೆಯುವ ಏರ್ಪಾಡು ಇಲ್ಲದಿರುವುದು. ಸೆಪ್ಟೆಂಬರ್ ಕೊನೆಯೊಳಗೆ ಮೂರು ಕೆಲಸ ಆಗಬೇಕು. ಕಾಯಂ ರೋಗಿಗಳ ವಿವರವನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು. ಬೆಳಗಿನ ಸರದಿ ಹಾಕುವುದನ್ನು ನಿಮ್ಮ ತಂಡದ ಜಯಾ ಅವರಿಗೆ ಕಲಿಸಬೇಕು. ನೀವು ಸತತ ಐದು ದಿನ ರಜೆ ಹಾಕಬೇಕು. ಆಗ ನಿಮ್ಮನ್ನು ಕೇಳದೆ ಶಾಖೆ ನಡೆಯಬೇಕು. ತಿಂಗಳಿಗೊಮ್ಮೆ ಆಪರೇಷನ್ಸ್ ಮ್ಯಾನೇಜರ್ ಶಶಿಕಾಂತ್ ನಿಮ್ಮ ಜೊತೆ ಕೂತು ಎಷ್ಟಾಗಿದೆ ನೋಡುತ್ತಾರೆ. ಮೂರೂ ಆದರೆ ಅಕ್ಟೋಬರ್ ಸಭೆಯಲ್ಲಿ ನಿಮ್ಮ ಹೆಸರನ್ನು ಶಿಫಾರಸು ಮಾಡುತ್ತೇವೆ. ಪತ್ರ ಅಷ್ಟೇ. ಬಡ್ತಿ ಆಗೇ ಆಗುತ್ತದೆ ಎಂದು ಭರವಸೆ ಕೊಡಲು ನನಗೆ ಅಧಿಕಾರವಿರಲಿಲ್ಲ. ಹಾಗಾಗಿ ಬರೆಯಲಿಲ್ಲ, ಆದರೆ ಎರಡು ರಾತ್ರಿ ಅದಕ್ಕೇ ನಿದ್ದೆಗೆಟ್ಟೆ.

ಪತ್ರವನ್ನು ಟೇಬಲ್ ಮೇಲೆ ಇಟ್ಟು ಬರಬಾರದು, ಎದುರು ಕೂತು ಹೇಳಬೇಕು ಎಂದು ಡಾಕ್ಟರ್ ಅಪ್ಪಣೆ. ಹೇಳಿದೆ. ಹಣಮಪ್ಪ ಎರಡು ಸಲ ಓದಿದರು.

“ಅಕ್ಕಾರ, ಒಂಬತ್ತು ವರ್ಷ ರಜಾ ಹಾಕಲಾರದ್ದು ತಪ್ಪಾತೇನ್ರಿ?”

“ತಪ್ಪಲ್ಲ. ಆದ್ರೆ ನೀವಿಲ್ದೆ ಇರೋದನ್ನ ನಾವು ಕಲೀಬೇಕಲ್ಲ.”

“ಮತ್ತ ನೀವು ಕಲೀಲಿಲ್ಲಂದ್ರ ನಂದು ಹೋತು.”

ನಾನು ಪೆನ್ನು ಮುಂದೆ ಚಾಚಿದೆ. “ಇಲ್ಲಿ ಸಹಿ ಹಾಕಿ. ಒಪ್ಪಿದೀನಿ ಅಂತ ಅಲ್ಲ, ತಲುಪ್ತು ಅಂತ ಅಷ್ಟೇ,” ಎಂದೆ.

ಸಹಿ ಹಾಕಿ, ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಪುಸ್ತಕ ಜುಲೈಗೆ ಮುಗಿಯಿತು. ಜಯಾ ಆಗಸ್ಟ್‌ನಲ್ಲಿ ತಾನೇ ಸರದಿ ಹಾಕತೊಡಗಿದಳು. ಸೆಪ್ಟೆಂಬರ್ ಎರಡನೆಯ ವಾರ ಹಣಮಪ್ಪ ಸೋಮವಾರದಿಂದ ಶುಕ್ರವಾರದವರೆಗೆ ರಜೆ ಹಾಕಿದರು. ಸೋಮವಾರ ಸುಸೂತ್ರ. ಮಂಗಳವಾರವೂ. ಬುಧವಾರ ನಾರಾಯಣಮ್ಮ ಬಂದರು.

ಇಟ್ಟಮಡುವಿನ ನಾರಾಯಣಮ್ಮ ಒಂದು ಕಾಲಕ್ಕೆ ಅಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ಆ ಜಾಗದಲ್ಲಿ ಈಗ ಅವರ ಆರು ಬಾಡಿಗೆ ಮನೆಗಳಿವೆ. ಬೆಳಗ್ಗೆ ಮನೆಗೆ ಹೋಗಿದ್ದ ಹೊಸಬನನ್ನು ಗೇಟಿನಿಂದಲೇ ಕಳಿಸಿ, ಖಾಲಿ ಹೊಟ್ಟೆಯಲ್ಲಿ ಆಟೋ ಹತ್ತಿ ಶಾಖೆಗೇ ಬಂದಿದ್ದರು.

“ಎಲ್ಲಮ್ಮ ನಮ್ ಹಣಮಪ್ಪ?”

“ರಜಾ ಮೇಲಿದ್ದಾರೆ ಅಜ್ಜಿ. ಜಯಾ ತೆಗೀತಾರೆ,” ಎಂದೆ.

“ಅವನ್ ಬಿಟ್ಟು ಯಾರ್ಗೂ ಕೈ ಕೊಡಕಿಲ್ಲ ನಾನು. ಹೋದ್ಸಲ ಆಸ್ಪತ್ರೇಲಿ ಯಾವನೋ ಒಬ್ಬ ನಾಲ್ಕ್ ಕಡೆ ಚುಚ್ಚಿ, ‘ನಿಮಗೆ ನರಾನೇ ಇಲ್ಲ ಅಜ್ಜಿ’ ಅಂದ. ನರ ಇಲ್ದೆ ಎಂಬತ್ತು ವರ್ಷ ಬದುಕಿದ್ನಾ?”

ಅವರಿಗೆ ಸಕ್ಕರೆ ಕಾಯಿಲೆ. ಗಂಟೆ ಒಂಬತ್ತೂಕಾಲು. ಹಸಿವಿಗೆ ತಲೆ ಸುತ್ತಿ ಬಿದ್ದರೆ? ಪೆನ್ನು ಕೆಳಗಿಟ್ಟು ನಾನು ಹಣಮಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಆಮೇಲೆ ಎಷ್ಟು ಸಲ ಮಾಡಿದೆನೋ ಆಗ ಎಣಿಸಲಿಲ್ಲ. ಫೋನ್ ಕಿವಿಗಿಟ್ಟುಕೊಂಡು ಬಾಗಿಲವರೆಗೆ ಬಂದಾಗ, ರಸ್ತೆಯಾಚೆ ಟೀ ಅಂಗಡಿಯ ಬೆಂಚಿನ ಮೇಲೆ ಹಣಮಪ್ಪ ಕೂತಿರುವುದು ಕಂಡಿತು. ಒಂದು ಕೈಯಲ್ಲಿ ಟೀ. ಇನ್ನೊಂದರಲ್ಲಿ ಹೊಡೆದುಕೊಳ್ಳುತ್ತಿದ್ದ ಫೋನ್. ಅದನ್ನು ನೋಡಿದರು, ನನ್ನನ್ನು ನೋಡಿದರು, ಎತ್ತಲಿಲ್ಲ.

ರಸ್ತೆ ದಾಟಿ ಓಡಿದೆ.

“ಬನ್ನಿ ಹಣಮಪ್ಪ ಅವರೇ, ನಾರಾಯಣಮ್ಮ ಬಂದಿದ್ದಾರೆ.”

“ನಾ ರಜಾದಾಗ ಅದೀನ್ರೀ.”

“ರಜಾ ಹಾಕಿ ಇಲ್ಲೇ ಕೂತಿದ್ದೀರಲ್ಲ.”

“ಎಲ್ಲಿ ಕೂಡ್ಬೇಕಂತ ಪತ್ರದಾಗ ಬರ್ದಿಲ್ರಿ.” ಜೇಬು ಮುಟ್ಟಿಕೊಂಡರು. ಮೂರು ದಿನದಿಂದ ಅಲ್ಲೇ ಕೂತಿದ್ದಾರೆ ಎಂದು ಟೀ ಅಂಗಡಿಯವನು ಹೇಳಿದ. “ಅಕ್ಕಾರ, ನಾ ಈಗ ಎದ್ದು ಬಂದ್ರ ನಂದು ಮತ್ತ ಆರು ತಿಂಗಳು ಹೋತು. ನನ್ನ ಕೇಳಬ್ಯಾಡ್ರಿ. ಪುಸ್ತಕಾನ ಕೇಳ್ರಿ.”

ಅವರು ನಾಲ್ಕು ತಿಂಗಳು ಬರೆದ ಪುಸ್ತಕ ನನಗೆ ನೆನಪೇ ಆಗಿರಲಿಲ್ಲ.

ನಾನು ವಾಪಸ್ ಬರುವಷ್ಟರಲ್ಲಿ ಜಯಾ ಅದನ್ನು ತೆರೆದು ಕೂತಿದ್ದಳು. ಐವತ್ತೆರಡನೆಯ ಪುಟ: ‘ನಾರಾಯಣಮ್ಮ. ಎಡಗೈ ಚಾಚುತ್ತಾರೆ, ಬೇಡ. ಬಲಗೈ. ಒಂದು ಲೋಟ ನೀರು ಕುಡಿಸಿ, ಬಿಸಿನೀರಿನ ಚೀಲ ಐದು ನಿಮಿಷ ಕೈಮೇಲೆ. ಸೊಸೆಯ ಸುದ್ದಿ ಎತ್ತಬಾರದು. ಎಮ್ಮೆಯ ಸುದ್ದಿ ಎತ್ತಬೇಕು.’

“ಅಜ್ಜಿ, ನಿಮ್ಮನೇಲಿ ಎಮ್ಮೆ ಇತ್ತಂತೆ?” ಎಂದಳು ಜಯಾ, ನೀರಿನ ಲೋಟ ಕೊಡುತ್ತ.

“ಒಂದಲ್ಲಮ್ಮ, ಮೂರು. ಗೌರಿ ಅಂತ ಒಂದಿತ್ತು ನೋಡು, ನನ್ ದನಿ ಕೇಳ್ದೆ ಹಾಲೇ ಕೊಡ್ತಿರ್ಲಿಲ್ಲ...”

ಗೌರಿ ಎರಡನೆಯ ಕರು ಹಾಕುವಷ್ಟರಲ್ಲಿ ಜಯಾ ಹತ್ತಿ ಒತ್ತಿ ಹಿಡಿದಿದ್ದಳು.

“ತೆಗೆದಾಯ್ತಾ?” ನಾರಾಯಣಮ್ಮ ಕೈ ನೋಡಿಕೊಂಡರು. “ಹಣಮಪ್ಪನೇ ವಾಸಿ. ಅವನಾದ್ರೆ ಎಮ್ಮೆ ಕಥೆ ಪೂರ್ತಿ ಕೇಳ್ತಿದ್ದ.”

ಅಕ್ಟೋಬರ್ ಸಭೆ ಮೂರನೆಯ ಷರತ್ತಿಗೆ ಬಂತು. ‘ನಿಮ್ಮನ್ನು ಕೇಳದೆ’ ಎಂದು ಬರೆದವಳು ನಾನೇ. ಮರೆಮಾಚಲು ಗೊತ್ತಾಗದೆ, ಇದ್ದದ್ದನ್ನು ಇದ್ದ ಹಾಗೆ ಓದಿದೆ: “ರಜೆಯಲ್ಲಿ ಹೋದ ಫೋನ್ ಕರೆ, ಹದಿನೇಳು.”

“ಹಂಗಾದ್ರೆ ಇದು ಆಗಿಲ್ಲ ಅಂತಾಯ್ತಲ್ಲ,” ಎಂದರು ಶಶಿಕಾಂತ್. “ಯಾರು ಮಾಡಿದ್ದು?”

“ಹದಿನೇಳೂ ನಾನೇ ಸಾರ್.”

ಡಾಕ್ಟರ್ ಕನ್ನಡಕ ತೆಗೆದರು. “ಅವನು ಎಷ್ಟು ಎತ್ತಿದ?”

“ಒಂದೂ ಇಲ್ಲ ಮೇಡಂ.”

“ಕೆಲಸ ನಿಂತೋಯ್ತಾ?”

“ಇಲ್ಲ. ಜಯಾ ಪುಸ್ತಕ ನೋಡಿ ಮಾಡಿದ್ಲು. ಮೇಡಂ, ಷರತ್ತು ಬರೆದಿದ್ದೇ ತಪ್ಪು. ಅವರ ಕೈಲಿ ಇರೋದನ್ನ ಮಾತ್ರ ಅವರಿಗೆ ಹೇಳ್ಬೇಕಿತ್ತು. ನಾನು ಫೋನ್ ಮಾಡೋದು ಬಿಡೋದು ಅವರ ಕೈಲಿರ್ಲಿಲ್ಲ.”

“ಸರಿ. ಅವನು ಪಾಸು,” ಎಂದರು ಡಾಕ್ಟರ್. ಶಶಿಕಾಂತ್ ಕೂಡ ತಲೆಯಾಡಿಸಿದರು. “ಮುಂದಿನ ಹೆಸರು ಯಾರದು?”

ಮುಂದಿನ ಹೆಸರು ನನ್ನದು. ಸೀನಿಯರ್ ಎಚ್‌ಆರ್ ಹುದ್ದೆಗೆ ನಾನೂ ಅರ್ಜಿ ಹಾಕಿದ್ದೆ.

“ಏಪ್ರಿಲ್‌ಗೆ ನೋಡೋಣಮ್ಮ,” ಎಂದರು ಡಾಕ್ಟರ್. “ಪತ್ರ ನೀನೇ ಬರಿ. ಇನ್ಯಾರಿದ್ದಾರೆ ಇಲ್ಲಿ? ಒಂದು ಪುಟ.”

ಈ ಪತ್ರ ಮೊದಲನೆಯ ಸಲಕ್ಕೇ ಸರಿಯಾಯಿತು. ಮೊದಲ ಸಾಲಲ್ಲಿ ಇಲ್ಲ, ಎರಡನೆಯದರಲ್ಲಿ ಯಾಕೆ, ಅಂದರೆ ಆ ಹದಿನೇಳು ಕರೆ. ಆಮೇಲೆ ಏಪ್ರಿಲ್ ಒಳಗೆ ಮಾಡಬೇಕಾದ ಮೂರು. ಕೆಳಗೆ ಸಹಿ ಹಾಕುತ್ತಿದ್ದಾಗ ಹೊಸ ಮೇಲ್ವಿಚಾರಕರು ಧಾರವಾಡ ಪೇಡೆಯ ಡಬ್ಬಿ ಹಿಡಿದು ಬಂದರು. ಪತ್ರದ ಮೇಲೆ ಒಮ್ಮೆ ಕಣ್ಣಾಡಿಸಿ ಮೂರನೆಯ ಷರತ್ತಿನ ಹತ್ತಿರ ನಿಂತರು.

“ಐದ್ ದಿನ ರಜಾ ಏನ್ರಿ ನಿಮಗೂ?”

“ಹೂಂ.”

“ಟೀ ಅಂಗಡಿ ಬೆಂಚು ಖಾಲಿ ಐತ್ರಿ ಅಕ್ಕಾರ,” ಎಂದು ಹಣಮಪ್ಪ ಒಂದು ಪೇಡೆ ನನ್ನ ಕೈಗಿಟ್ಟರು.