ಎರಡು ಕೈಯ ಉಪ್ಪು

ಬೇಗಂಪೇಟೆಗೆ ಇಳಿಯುತ್ತಿದ್ದ ವಿಮಾನಗಳೆಲ್ಲ ವೈಜನಾಥನ ತವಾದ ವಾಸನೆ ಹಿಡಿದೇ ದಾರಿ ಕಂಡುಕೊಳ್ಳುತ್ತಿದ್ದವು. ಅಂಥ ಎಗ್ ರೋಲ್! ಆದರೆ ಮಾಡುವ ವೈಜನಾಥನಾಗಲಿ, ಹೆಂಡತಿ ಶಿವದೇವಿಯಾಗಲಿ ಜನ್ಮದಲ್ಲಿ ತತ್ತಿ ಬಾಯಿಗಿಟ್ಟವರಲ್ಲ. ಕೊರಳಲ್ಲಿ ಲಿಂಗ, ಮನೆಯಲ್ಲಿ ಆಚಾರ ಬಿಡದ ತಾಯಿ ಗುರುಬಾಯಿ.

ಅಂದು ವೈಜನಾಥನ ಎದೆ ಮಾತ್ರ ಹುಸೇನ್ ಸಾಗರದ ನೀರು ಅಲುಗುವಷ್ಟು ಹೊಡೆದುಕೊಳ್ಳುತ್ತಿತ್ತು. ರಸ್ತೆ ಅಗಲ ಮಾಡುವವರು ಬದಿಯಲ್ಲಿದ್ದ ಅವನ ಬಂಡಿ ತೆಗೆ ಎಂದಿದ್ದರು. ಎದುರಿನ ಆಫೀಸಿನ ಕ್ಯಾಂಟೀನ್ ನೋಡಿಕೊಳ್ಳುವ ನರಹರಿರಾಯರು ರುಚಿ ನೋಡಿ ಒಪ್ಪಿದರೆ ಕಾಂಪೌಂಡಿನೊಳಗೆ ಜಾಗ. ಇಲ್ಲವಾದರೆ ಒಲೆ ಆರಿದ ಹಾಗೆ. ರಾಯರು ಆಗಲೇ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು.

ವೈಜನಾಥ ಕಡೆದ ತತ್ತಿಯ ಪಾತ್ರೆ ಎತ್ತಿದ.

“ಉಪ್ಪು ಹಾಕೀನ್ರಿ, ಮತ್ತ ಹಾಕಬ್ಯಾಡ್ರಿ” ಅಂದಳು ಶಿವದೇವಿ.

“ನಾನೂ ಹಾಕೀನಲ್ಲ!”

ಇಬ್ಬರೂ ಪಾತ್ರೆ ನೋಡಿದರು. ರುಚಿ ನೋಡುವ ನಾಲಿಗೆಯೇ ಆ ಬಂಡಿಯಲ್ಲಿ ಇರಲಿಲ್ಲ.

ವೈಜನಾಥ ತವಾದ ಅಂಚಿಗೆ ಒಂದು ಚಮಚ ಸುರಿದ. ಚುಯ್ ಎಂದು ಹಿಡಿಯಿತು. ತುಣುಕು ತುಟಿಯವರೆಗೆ ಒಯ್ದ. ಕೈ ಅಲ್ಲೇ ಕಲ್ಲಾಯಿತು. ಶಿವದೇವಿ ಕಸಿದು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು.

“ಸಮುದ್ರ ಕುಡದಂಗ ಆತ್ರಿ!”

ಉಪ್ಪು ತಗ್ಗಲೆಂದು ವೈಜನಾಥ ಬುಟ್ಟಿಯಲ್ಲಿ ಉಳಿದ ತತ್ತಿಗಳನ್ನೆಲ್ಲ ಅದೇ ಪಾತ್ರೆಗೆ ಒಡೆದು ಸುರಿದು, ಕೈ ಸೋಲುವ ಹಾಗೆ ಕಡೆದ. ಮತ್ತೆ ಒಂದು ಚಮಚ ತವಾಕ್ಕೆ. ಶಿವದೇವಿ ಅಗಿದಳು. ಅಗಿಯುತ್ತಲೇ ಇದ್ದಳು.

“ಲಗೂನ ಹೇಳs! ಬರಾಕತ್ತಾರ!”

“ತಡೀರಿ, ತಿಳೀವಲ್ದು. ಇನ್ನೊಂದ್ ತುಣುಕು ಕೊಡ್ರಿ.”

ಕೊಟ್ಟ. ನುಂಗಿ, ಸರಿ ಎಂದು ತಲೆಯಾಡಿಸಿದಳು.

ಆಮೇಲೆ ವೈಜನಾಥನ ಕೈಗಳು ಹತ್ತಾದವು. ಲಟ್ಟಿಸಿದ ಮೈದಾ ಪರೋಟ ಎರಡೂ ಬದಿ ಅರೆ ಬೆಂದು ಚುಕ್ಕೆ ಬಿತ್ತು. ಎಣ್ಣೆ ಬಿಟ್ಟು, ಮೇಲೆ ತತ್ತಿ ಸುರಿದು ಅಂಚಿನವರೆಗೆ ಹರಡಿದ. ಅದು ಅರೆಗಟ್ಟಿಯಾಗಿ ಪರೋಟಕ್ಕೆ ಅಂಟುತ್ತಲೇ ಮಗುಚಿ ಒತ್ತಿದ. ತತ್ತಿ ಬದಿ ಮೇಲಾಗುವಂತೆ ಹಲಗೆಗೆ ಇಳಿಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಲಿಂಬೆರಸ ಹಾಕಿದ.

ಅಷ್ಟರಲ್ಲಿ ನರಹರಿರಾಯರು ಯಾರನ್ನೋ ಮಾತಾಡಿಸಲು ನಿಂತುಬಿಟ್ಟರು.

“ಅವರು ಬರ್ಲಿ, ಆಮ್ಯಾಲ ಸುತ್ರಿ.”

“ಆರಿದ್ರ ಬಿರುಸಾಗಿ ಮಡಚಿದಲ್ಲಿ ಹರಿತೈತಿ!”

ಬೆರಳು ಸುಡುತ್ತಿದ್ದಂತೆಯೇ ಬಿಗಿಯಾಗಿ ಸುತ್ತಿ, ಕಾಗದ ಹೊದಿಸಿ, ತವಾದ ಪಕ್ಕ ಬೆಚ್ಚಗಿಟ್ಟ. ರಾಯರ ಹರಟೆ ಒಂದು ಯುಗ ನಡೆಯಿತು.

ಕೊನೆಗೆ ಬಂದರು. ಕಚ್ಚಿದರು. ಮುಖದಲ್ಲಿ ಏನೂ ಇಲ್ಲ. ಕಾಗದ ಖಾಲಿಯಾಗುವವರೆಗೆ ವೈಜನಾಥ ಉಸಿರೇ ಬಿಡಲಿಲ್ಲ.

“ನಾಳೆ ಬಂಡಿ ಒಳಗ ತರ್ರಿ. ಆದ್ರ ದಿನಾ ಹಿಂಗs ಇರಬೇಕು ನೋಡ್ರಿ. ರುಚಿ ಯಾರು ನೋಡ್ತೀರಿ?”

ವೈಜನಾಥ ಹೆಂಡತಿಯತ್ತ ನೋಡಿದ. ಶಿವದೇವಿ ಸೆರಗಿನಿಂದ ತುಟಿ ಒರೆಸಿಕೊಂಡಳು.

“ನಾ ಅದೀನಲ್ರಿ” ಅಂದಳು. ಆಮೇಲೆ ಗಂಡನ ಕಿವಿಗೆ, “ಅತ್ತಿಯವರಿಗೆ ನೀವs ಹೇಳಬೇಕು.”